ಕ್ಯಾಮೆರಾ ಕೆಳಗೆ ನೋಡುವಾಗ ಮಾತ್ರ ನಡುಗುತ್ತದೆಯೇ? ಡ್ರೋನ್ ಗಿಂಬಲ್ ಬ್ಯಾಲೆನ್ಸ್ ಮತ್ತು ಟ್ಯೂನಿಂಗ್, ಮೊದಲಿನಿಂದ ಕೊನೆಯವರೆಗೆ

ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಗಿಂಬಲ್ ನಡುಗಲು ಶುರುವಾದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಲ್ಯಾಪ್‌ಟಾಪ್ ತೆರೆದು ಗಿಂಬಲ್ ಮೋಟಾರಿನ ಹಿಡಿತ ನಿರ್ಧರಿಸುವ P, I, D ನಂಬರ್‌ಗಳನ್ನು ಬದಲಾಯಿಸಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬ್ಯಾಲೆನ್ಸ್ ಸರಿ ಇಲ್ಲದ ಗಿಂಬಲ್‌ಗೆ ಯಾವ ನಂಬರ್ ಕೊಟ್ಟರೂ ಅದು ಒಂದು ಕೋನದಲ್ಲಿ ಸುಮ್ನೆ ನಿಂತು ಇನ್ನೊಂದರಲ್ಲಿ ನಡುಗುತ್ತದೆ. ಮೊದಲು ಕರೆಂಟ್ ಇಲ್ಲದೆ ಕೈಯಲ್ಲಿ ಮಾಡುವ ಕೆಲಸ, ಆಮೇಲೆ ಸಾಫ್ಟ್‌ವೇರ್, ಕೊನೆಗೆ ಹಾರಾಟ. ಈ ಕ್ರಮ ಬಿಡಬಾರದು.

ಉದಾಹರಣೆಗೆ ಕಾಪುವಿನ ಒಬ್ಬ ಗೆಳೆಯರ ಡ್ರೋನ್ ತೆಗೆದುಕೊಳ್ಳುತ್ತೇನೆ. ಆರು ಮೋಟಾರಿನ ಡ್ರೋನ್, 13 ಇಂಚಿನ ಪ್ರೊಪೆಲ್ಲರ್. ಕೆಳಗೆ ಮೂರು ಆಕ್ಸಿಸ್ ಬ್ರಶ್‌ಲೆಸ್ ಗಿಂಬಲ್, ಅದನ್ನು ನಡೆಸುವುದು 32 ಬಿಟ್‌ನ SimpleBGC ಬೋರ್ಡ್. ಕ್ಯಾಮೆರಾ ಒಂದು ಸಣ್ಣ ಮಿರರ್‌ಲೆಸ್, 16 ಎಂಎಂ ಲೆನ್ಸ್ ಸೇರಿ ಸುಮಾರು 450 ಗ್ರಾಂ. ಮಲ್ಪೆ ಬೀಚ್‌ನಲ್ಲಿ ಮದುವೆ ಜೋಡಿಯ ಶೂಟ್ ಮಾಡುವಾಗ ನೇರ ಮುಂದಕ್ಕೆ ನೋಡಿದರೆ ವಿಡಿಯೋ ಚೆನ್ನಾಗಿಯೇ ಬರುತ್ತಿತ್ತು. ಕ್ಯಾಮೆರಾ ಕೆಳಗೆ ಬಾಗಿಸಿದ ಕೂಡಲೇ ಚಿತ್ರ ನಡುಗುತ್ತಿತ್ತು. ಮಧ್ಯಾಹ್ನ ಕಡಲಿನ ಗಾಳಿ ಏರಿದ ಮೇಲಂತೂ ಕೇಳುವುದೇ ಬೇಡ. ಬೋರ್ಡ್ ಬೇರೆಯಾದರೂ ಇಲ್ಲಿ ಹೇಳುವ ಕೆಲಸ ಹೆಚ್ಚು ಕಡಿಮೆ ಇದೇ, ಮೆನುವಿನ ಹೆಸರುಗಳು ಮಾತ್ರ ಬೇರೆ ಇರಬಹುದು.

ಮೊದಲು ನಡುಕ ಯಾವುದು ಅಂತ ನೋಡಿ

ಎಲ್ಲ ನಡುಕವೂ ಒಂದೇ ಅಲ್ಲ. ಒಂದು ಟೆಸ್ಟ್ ವಿಡಿಯೋ ತೆಗೆಯಿರಿ. ಕ್ಯಾಮೆರಾದ ಮತ್ತು ಲೆನ್ಸ್‌ನ ಸ್ಟೆಬಿಲೈಸೇಶನ್ ಆಫ್ ಮಾಡಿ. ಎನ್‌ಡಿ ಫಿಲ್ಟರ್ ತೆಗೆದು ಶಟರ್ ಸ್ಪೀಡನ್ನು 1/500 ಅಥವಾ ಅದಕ್ಕಿಂತ ಜಾಸ್ತಿ ಇಡಿ. ನಿಧಾನ ಶಟರ್‌ನಲ್ಲಿ ನಡುಕ ಮಸುಕಾಗಿ ಮುಚ್ಚಿಹೋಗುತ್ತದೆ. ನಮಗೆ ಈಗ ಅದು ಕಾಣಬೇಕು.

ಚಿತ್ರದ ಗೆರೆಗಳು ನೀರಿನಲ್ಲಿ ಕಂಡ ಹಾಗೆ ಅಲೆ ಅಲೆಯಾಗಿದ್ದರೆ ಅದು ಜೆಲ್ಲೋ. ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವಷ್ಟರಲ್ಲೇ ಕ್ಯಾಮೆರಾ ಅದುರಿರುತ್ತದೆ. ಇದರ ಮೂಲ ಪ್ರೊಪೆಲ್ಲರ್, ಮೋಟಾರ್ ಅಥವಾ ಗಿಂಬಲ್ ತೂಗುವ ರಬ್ಬರ್ ಡ್ಯಾಂಪರ್. ಇದನ್ನು ಗಿಂಬಲ್ ಮೋಟಾರ್ ಸರಿಮಾಡಲು ಆಗುವುದಿಲ್ಲ, ಅಷ್ಟು ವೇಗ ಅದಕ್ಕಿಲ್ಲ. ಇಡೀ ಚಿತ್ರ ಸಣ್ಣದಾಗಿ, ಬೇಗ ಬೇಗ ಕುಟ್ಟಿದ ಹಾಗೆ ಅಲುಗಿ, ಗಿಂಬಲ್ ಮುಟ್ಟಿದರೆ ಗುಂಯ್ ಅನ್ನುತ್ತಿದ್ದರೆ ಹೆಚ್ಚಾಗಿ D ಅಥವಾ P ಜಾಸ್ತಿಯಾಗಿದೆ. ನಿಧಾನಕ್ಕೆ ಅತ್ತಿತ್ತ ತೂಗಿದರೆ I ಕಡೆ ನೋಡಬೇಕು. ಇದ್ದಕ್ಕಿದ್ದಂತೆ ಒಮ್ಮೆ ಜಿಗಿದು ಮತ್ತೆ ಸರಿಯಾದರೆ, ಮೋಟಾರಿಗೆ ಶಕ್ತಿ ಸಾಲದೆ ಹಿಡಿತ ತಪ್ಪಿದೆ, ಇಲ್ಲವೇ ಸೆನ್ಸರ್ ವೈರ್‌ನಲ್ಲಿ ತೊಂದರೆ ಇದೆ. ಒಂದು ಕೋನದಲ್ಲಿ ಮಾತ್ರ ನಡುಗಿದರೆ ಮೊದಲ ಅನುಮಾನ ಬ್ಯಾಲೆನ್ಸ್ ಮೇಲೆ ಇರಲಿ.

ಕಾಪುವಿನ ಡ್ರೋನ್ ಈ ಕೊನೆಯ ಗುಂಪಿನದ್ದು.

ಬ್ಯಾಲೆನ್ಸ್ ಯಾಕೆ ಇಷ್ಟು ಮುಖ್ಯ

ಬ್ರಶ್‌ಲೆಸ್ ಗಿಂಬಲ್‌ನಲ್ಲಿ ಗೇರ್ ಇಲ್ಲ. ಕ್ಯಾಮೆರಾ ನೇರವಾಗಿ ಮೋಟಾರಿನ ಮೇಲೆಯೇ ತೂಗುತ್ತದೆ. ಕ್ಯಾಮೆರಾದ ತೂಕದ ನಡು ಸರಿಯಾಗಿ ಮೋಟಾರ್ ಶಾಫ್ಟ್‌ನ ಗೆರೆಯಲ್ಲೇ ಇದ್ದರೆ, ಡ್ರೋನ್ ಮೇಲೆ ಕೆಳಗೆ ಹಾರಿದರೂ ಗಾಳಿಗೆ ತಳ್ಳಿಸಿಕೊಂಡರೂ ಕ್ಯಾಮೆರಾ ತಿರುಗುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೇ. ನಡು ಸ್ವಲ್ಪ ಪಕ್ಕಕ್ಕೆ ಇದ್ದರೆ ಪ್ರತಿ ತಳ್ಳುವಿಕೆಯೂ ಕ್ಯಾಮೆರಾವನ್ನು ತಿರುಗಿಸುತ್ತದೆ. ದೂರದ ದೃಶ್ಯದಲ್ಲಿ ಕ್ಯಾಮೆರಾ 1 ಮಿಲಿಮೀಟರ್ ಸರಿದರೆ ಏನೂ ಗೊತ್ತಾಗುವುದಿಲ್ಲ. ಆದರೆ 0.1 ಡಿಗ್ರಿ ತಿರುಗಿದರೂ ಈ ಲೆನ್ಸ್‌ನ 4ಕೆ ಚಿತ್ರದಲ್ಲಿ ಎಲ್ಲವೂ 4-5 ಪಿಕ್ಸೆಲ್ ಜಿಗಿಯುತ್ತದೆ. ಅದು ಕಣ್ಣಿಗೆ ಹೊಡೆಯುತ್ತದೆ.

ಲೆಕ್ಕ ಕೂಡ ಸುಲಭ. 450 ಗ್ರಾಂ ಕ್ಯಾಮೆರಾದ ನಡು ಅದನ್ನು ಮೇಲೆ ಕೆಳಗೆ ಬಾಗಿಸುವ ಟಿಲ್ಟ್ ಶಾಫ್ಟ್‌ಗಿಂತ 5 ಮಿಲಿಮೀಟರ್ ಕೆಳಗಿದೆ ಅಂದುಕೊಳ್ಳಿ. ನೇರ ಮುಂದಕ್ಕೆ ನೋಡುವಾಗ ತೂಕ ಶಾಫ್ಟ್‌ನ ಸರಿ ಕೆಳಗೆ ತೂಗುತ್ತದೆ, ಮೋಟಾರಿಗೆ ಭಾರವೇ ಇಲ್ಲ, ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. ಪೂರ್ತಿ ಕೆಳಗೆ ಬಾಗಿಸಿದಾಗ ಅದೇ 5 ಮಿಲಿಮೀಟರ್ ಅಡ್ಡಕ್ಕೆ ಬರುತ್ತದೆ. ಆಗ ಮೋಟಾರ್ ಸುಮಾರು 225 ಗ್ರಾಂ-ಸೆಂಟಿಮೀಟರ್ ತಿರುಚುವ ಬಲವನ್ನು ಸದಾ ಹಿಡಿದುಕೊಂಡೇ ಇರಬೇಕು. ಅದರ ಮೇಲೆ ಗಾಳಿಯ ಹೊಡೆತ ಬೇರೆ. ಮುಂದೆ ನೋಡುವಾಗ ಚೆನ್ನಾಗಿದ್ದು ಕೆಳಗೆ ನೋಡುವಾಗ ಕೆಡುವುದಕ್ಕೆ ಕಾರಣ ಇದು.

ಕೈಯಲ್ಲಿ ಬ್ಯಾಲೆನ್ಸ್ ಮಾಡುವುದು

ಪ್ರೊಪೆಲ್ಲರ್‌ಗಳನ್ನು ಬಿಚ್ಚಿ. ಬ್ಯಾಟರಿ ಕನೆಕ್ಟ್ ಮಾಡಬೇಡಿ. ಡ್ರೋನನ್ನು ಎರಡು ಸ್ಟೂಲ್‌ಗಳ ನಡುವೆ ಗಿಂಬಲ್ ತೂಗುವ ಹಾಗೆ ಇಡಿ, ಫ್ಯಾನ್ ಆಫ್ ಮಾಡಿ. ಕ್ಯಾಮೆರಾದಲ್ಲಿ ಹಾರುವಾಗ ಇರುವುದೆಲ್ಲ ಈಗಲೂ ಇರಬೇಕು: ಬ್ಯಾಟರಿ, ಮೆಮೊರಿ ಕಾರ್ಡ್, ಫಿಲ್ಟರ್, ಎಚ್‌ಡಿಎಂಐ ಕೇಬಲ್. ಲೆನ್ಸ್ ಕ್ಯಾಪ್ ತೆಗೆದಿರಿ. ಟೆಸ್ಟ್ ವಿಡಿಯೋಕ್ಕೆ ತೆಗೆದ ಎನ್‌ಡಿ ಫಿಲ್ಟರನ್ನು ಕೆಲಸಕ್ಕೆ ಬಳಸುವವರಾದರೆ ವಾಪಸ್ ಹಾಕಿ, ಸಣ್ಣ ಲೆನ್ಸ್‌ನ ತುದಿಯಲ್ಲಿ ಅದರ ತೂಕ ಲೆಕ್ಕಕ್ಕೆ ಬರುತ್ತದೆ.

ಬ್ಯಾಲೆನ್ಸ್‌ಗಿಂತ ಮೊದಲು ಪ್ರತಿ ಆಕ್ಸಿಸನ್ನೂ ಬೆರಳಿನಿಂದ ನಿಧಾನಕ್ಕೆ ತಿರುಗಿಸಿ ನೋಡಿ. ಮರಳು ಸಿಕ್ಕಿದ ಹಾಗೆ ಕರಕರ ಅನ್ನುತ್ತದೆಯೇ, ಒಂದು ಕಡೆ ಬಿಗಿಯಾಗುತ್ತದೆಯೇ? ನಮ್ಮ ಕರಾವಳಿಯಲ್ಲಿ ಇದು ಸಾಮಾನ್ಯ ಮಾರಾಯ್ರೇ. ಉಪ್ಪು ಗಾಳಿಗೆ ಬೇರಿಂಗ್ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಇಟ್ಟು ಮರೆತರೆ ಇನ್ನೂ ಬೇಗ. ಅಂಥ ಬೇರಿಂಗ್ ಬದಲಾಯಿಸಿಯೇ ಮುಂದುವರಿಯಿರಿ. ಸಿಕ್ಕಿಕೊಂಡು ಬಿಡುವ ಬೇರಿಂಗ್ ಇದ್ದರೆ ಕ್ಯಾಮೆರಾ ಸಣ್ಣ ಸಣ್ಣ ಹೆಜ್ಜೆಯಲ್ಲಿ ಜಿಗಿಯುತ್ತದೆ, ಅದಕ್ಕೆ ಟ್ಯೂನಿಂಗ್‌ನಲ್ಲಿ ಮದ್ದಿಲ್ಲ.

ಆಮೇಲೆ ಕೇಬಲ್. ಗಿಂಬಲ್ ಕೈಬಿಟ್ಟಾಗ ಅದು ಯಾವಾಗಲೂ ಒಂದೇ ಕಡೆಗೆ ವಾಪಸ್ ಬರುತ್ತಿದ್ದರೆ ತೂಕದ ದೋಷ ಅಂತ ತಕ್ಷಣ ತೀರ್ಮಾನಿಸಬೇಡಿ. ಎಚ್‌ಡಿಎಂಐ ಕೇಬಲ್ ಬಿಚ್ಚಿ ಮತ್ತೆ ನೋಡಿ. ಈಗ ವಾಪಸ್ ಬರದಿದ್ದರೆ ಕೇಬಲ್ ಸ್ಪ್ರಿಂಗ್‌ನಂತೆ ಎಳೆಯುತ್ತಿದೆ ಅಂತ ಅರ್ಥ. ದಪ್ಪ ಕೇಬಲ್ ಬಿಟ್ಟು ತೆಳುವಾದ ಚಪ್ಪಟೆ ರಿಬ್ಬನ್ ಕೇಬಲ್ ಹಾಕಿ, ಶಾಫ್ಟ್‌ನ ಹತ್ತಿರದಲ್ಲೇ ಸಡಿಲವಾಗಿ ಒಂದು ಸುತ್ತು ಬಿಟ್ಟು ಕಟ್ಟಿ. ಗಟ್ಟಿ ಕೇಬಲ್‌ನ ಎಳೆತವನ್ನು ತೂಕ ಸರಿಸಿ ಸರಿದೂಗಿಸಬಾರದು, ಯಾಕೆಂದರೆ ಆ ಎಳೆತ ಕೋನದಿಂದ ಕೋನಕ್ಕೆ ಬದಲಾಗುತ್ತದೆ.

ಈಗ ಟಿಲ್ಟ್. SimpleBGC ಪರದೆಯಲ್ಲಿ ಇದರ ಹೆಸರು PITCH. ಕ್ಯಾಮೆರಾ ನೇರ ಮುಂದಕ್ಕೆ ನೋಡುವ ಹಾಗೆ ಹಿಡಿದು ಬಿಡಿ. ಲೆನ್ಸ್ ಕೆಳಗೆ ಬಿದ್ದರೆ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ, ಮೇಲಕ್ಕೆದ್ದರೆ ಮುಂದಕ್ಕೆ. ಸ್ಕ್ರೂ ಸಡಿಲಿಸಿ, 1 ಮಿಲಿಮೀಟರ್ ಸರಿಸಿ, ಬಿಗಿ ಮಾಡಿ, ನೋಡಿ. ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಲೆನ್ಸನ್ನು ನೇರ ಆಕಾಶದ ಕಡೆಗೆ ತಿರುಗಿಸಿ ಕೈಬಿಡಿ. ಅಲ್ಲಿಯೇ ನಿಲ್ಲಬೇಕು. ಲೆನ್ಸ್ ಮುಂದಕ್ಕೆ ಬಿದ್ದು ತಾನಾಗಿ ನೇರಕ್ಕೆ ಬಂದು ನಿಂತರೆ ಕ್ಯಾಮೆರಾದ ನಡು ಶಾಫ್ಟ್‌ಗಿಂತ ಕೆಳಗಿದೆ, ಕ್ಯಾಮೆರಾವನ್ನು ಮೇಲಕ್ಕೆ ಎತ್ತಬೇಕು. ಹಿಂದಕ್ಕೆ ಉರುಳಿ ತಲೆಕೆಳಗಾಗಲು ಹೊರಟರೆ ನಡು ಮೇಲಿದೆ, ಕೆಳಗೆ ಇಳಿಸಬೇಕು. ಎತ್ತರ ಸರಿಸುವ ಸೀಳು ಇಲ್ಲದ ಗಿಂಬಲ್ ಆದರೆ ಕ್ಯಾಮೆರಾ ಪ್ಲೇಟ್ ಅಡಿಯಲ್ಲಿ ಗಟ್ಟಿಯಾದ ಅಲ್ಯೂಮಿನಿಯಂ ಅಥವಾ ಫೈಬರ್ ತುಂಡು ಕೊಡಿ. ರಬ್ಬರ್ ಬೇಡ, ಅದು ಬಾಗುತ್ತದೆ, ಬಾಗಿದರೆ ಇನ್ನೊಂದು ನಡುಕಕ್ಕೆ ದಾರಿ.

ಇದಾದ ಮೇಲೆ 45 ಡಿಗ್ರಿ ಕೆಳಗೆ, 45 ಡಿಗ್ರಿ ಮೇಲೆ, ಪೂರ್ತಿ ಕೆಳಗೆ. ಎಲ್ಲಿ ಬಿಟ್ಟರೂ ಅಲ್ಲೇ ನಿಂತರೆ ಟಿಲ್ಟ್ ಮುಗಿಯಿತು. ಕಾಪುವಿನ ಗಿಂಬಲ್ ಮುಂದಕ್ಕೆ ನೋಡುವಾಗ ಅಲುಗದೆ ನಿಲ್ಲುತ್ತಿತ್ತು, ಆಕಾಶಕ್ಕೆ ತಿರುಗಿಸಿ ಬಿಟ್ಟರೆ ದಡಕ್ಕನೆ ಮುಂದಕ್ಕೆ ಬೀಳುತ್ತಿತ್ತು. ಪ್ಲೇಟ್ ಅಡಿಗೆ 5 ಮಿಲಿಮೀಟರ್ ದಪ್ಪದ ತುಂಡು ಹಾಕಿದಾಗ ನಿಂತಿತು. ಎತ್ತರ ಬದಲಾಯಿಸಿದ ಮೇಲೆ ಹಿಂದೆ ಮುಂದೆ ಬ್ಯಾಲೆನ್ಸನ್ನು ಮತ್ತೊಮ್ಮೆ ನೋಡಲೇಬೇಕು.

ರೋಲ್ ಇದಕ್ಕಿಂತ ಬೇಗ ಆಗುತ್ತದೆ. ಎಡಕ್ಕೆ ಬಲಕ್ಕೆ ಎಲ್ಲಿ ಬಾಗಿಸಿ ಬಿಟ್ಟರೂ ನಿಲ್ಲುವ ತನಕ ಕ್ಯಾಮೆರಾ ಹಿಡಿದ ತೋಳನ್ನು ಅಡ್ಡಕ್ಕೆ ಸರಿಸಿ. ಪ್ಯಾನ್ ಅಂದರೆ YAW ಅನ್ನು ಮಾತ್ರ ತುಂಬ ಜನ ಬಿಟ್ಟುಬಿಡುತ್ತಾರೆ. ಸಮತಟ್ಟಾಗಿ ಇಟ್ಟಾಗ ಅದರ ದೋಷ ಕಾಣುವುದೇ ಇಲ್ಲ. ಡ್ರೋನನ್ನು 15-20 ಡಿಗ್ರಿ ಮುಂದಕ್ಕೆ ಬಾಗಿಸಿ ಹಿಡಿಯಿರಿ, ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿ ಬಿಡಿ. ತಾನಾಗಿ ಇಳಿಜಾರಿನ ಕಡೆಗೆ ತಿರುಗಿದರೆ ಬ್ಯಾಲೆನ್ಸ್ ಇಲ್ಲ. ಭಾರದ ಭಾಗ ಇಳಿಜಾರಿನ ಕಡೆ ಬಂದು ನಿಲ್ಲುತ್ತದೆ, ಇಡೀ ತೋಳನ್ನು ಅದರ ಎದುರು ದಿಕ್ಕಿಗೆ ಸರಿಸಿ. ಗಾಳಿಗೆ ಎದುರಾಗಿ ನಿಲ್ಲಲು ಡ್ರೋನ್ ಯಾವಾಗಲೂ ಬಾಗಿಯೇ ಇರುತ್ತದೆ ಅಲ್ವಾ, ತಣ್ಣೀರುಬಾವಿ, ಪಣಂಬೂರು ಕಡೆ ಹಾರಿಸುವವರಿಗೆ ಈ ದೋಷ ಬೇಗ ಕಾಣಿಸುತ್ತದೆ.

ಸೆನ್ಸರ್ ಮತ್ತು ವೈರ್

ಕ್ಯಾಮೆರಾ ಪ್ಲೇಟ್ ಮೇಲಿರುವ ಅಲುಗಾಟ ಅಳೆಯುವ ಸಣ್ಣ ಐಎಂಯು ಸೆನ್ಸರ್ ಬೋರ್ಡ್ ಗಿಂಬಲ್‌ನ ಕಣ್ಣು. ಅದು ಪ್ಲೇಟ್‌ಗೆ ಗಟ್ಟಿಯಾಗಿ ಅಂಟಿರಬೇಕು. ದಪ್ಪ ಸ್ಪಂಜ್ ಟೇಪ್ ಮೇಲೆ ಕೂರಿಸಿದರೆ ಸೆನ್ಸರ್ ಒಂದು ರೀತಿ ಅಲುಗುತ್ತದೆ, ಕ್ಯಾಮೆರಾ ಇನ್ನೊಂದು ರೀತಿ. ಅದರ ವೈರ್ ಮೋಟಾರ್ ವೈರ್‌ಗಳ ಪಕ್ಕದಲ್ಲೇ ಸುತ್ತಿಕೊಂಡು ಬಂದಿದ್ದರೆ ಬೇರೆ ಮಾಡಿ. ಬೋರ್ಡನ್ನು ಕಂಪ್ಯೂಟರ್‌ಗೆ ಜೋಡಿಸಿದಾಗ ಪರದೆಯ ಕೆಳಗೆ I2C ದೋಷಗಳ, ಅಂದರೆ ಸೆನ್ಸರ್ ವೈರ್‌ನಲ್ಲಿ ಮಾಹಿತಿ ತಪ್ಪಿದ್ದರ, ಲೆಕ್ಕ ಕಾಣುತ್ತದೆ. ಅದು 0 ಇರಬೇಕು. ಗಿಂಬಲ್ ತಿರುಗಿಸಿದಾಗ ಆ ನಂಬರ್ ಏರುತ್ತಿದ್ದರೆ ಎಲ್ಲ ಬಿಟ್ಟು ಮೊದಲು ವೈರ್ ಸರಿ ಮಾಡಿ.

ಗೈರೋ ಕ್ಯಾಲಿಬ್ರೇಶನ್ ಮಾಡುವಾಗ ಕ್ಯಾಮೆರಾ ಕಲ್ಲಿನ ಹಾಗೆ ಅಲುಗದೆ ಇರಬೇಕು. ಆಕ್ಸಿಲರೋಮೀಟರ್‌ಗೆ ಸೆನ್ಸರನ್ನು ಆರೂ ಮುಖಗಳಲ್ಲಿ ಸಮವಾಗಿ ಹಿಡಿದು ಮಾಡಿ. ಇದು ಮುಖ್ಯವಾಗಿ ದಿಗಂತ ಓರೆಯಾಗುವುದಕ್ಕೆ ಮದ್ದು. ನಡುಕದ ಮೇಲೆ ಇದರ ಪ್ರಭಾವ ಕಡಿಮೆ, ಹಾಗಾಗಿ ಹೆಚ್ಚು ಹೇಳುವುದಿಲ್ಲ.

POWER ಮೊದಲು, P D I ಆಮೇಲೆ

ಹಾರುವಾಗ ಬಳಸುವ ಬ್ಯಾಟರಿಯಿಂದಲೇ ಗಿಂಬಲ್ ಆನ್ ಮಾಡಿ. ಪ್ರೊಪೆಲ್ಲರ್ ಈಗಲೂ ಇರಬಾರದು. ಮೋಟಾರಿನ ದಿಕ್ಕು ಮತ್ತು ಪೋಲ್‌ಗಳ ಸಂಖ್ಯೆ ಗೊತ್ತಿಲ್ಲದಿದ್ದರೆ AUTO ಬಟನ್ ಒತ್ತಿ ಹುಡುಕಿಸಿ, ಆಮೇಲೆ ಮೋಟಾರಿನ ಆಯಸ್ಕಾಂತಗಳ ಎಣಿಕೆಗೆ ತಾಳೆ ನೋಡಿ. 14 ಮತ್ತು 22 ಸಾಮಾನ್ಯ.

POWER ಅಂದರೆ ಮೋಟಾರಿಗೆ ಕೊಡುವ ಗರಿಷ್ಠ ವೋಲ್ಟೇಜ್. 0ಯಿಂದ 255ರ ತನಕ ಇರುತ್ತದೆ, 255 ಅಂದರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್. ಜಾಸ್ತಿ ಕೊಟ್ಟರೆ ಒಳ್ಳೆಯದು ಅನ್ನಿಸಬಹುದು, ಹಾಗಲ್ಲ. ಮೋಟಾರ್ ಬಿಸಿಯಾಗುತ್ತದೆ, 80 ಡಿಗ್ರಿ ದಾಟಿದರೆ ಆಯಸ್ಕಾಂತ ಶಾಶ್ವತವಾಗಿ ಹಾಳಾಗಬಹುದು. ಕ್ಯಾಮೆರಾವನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ. ಸ್ವಲ್ಪ ಬಲ ಹಾಕಿದಾಗಲೂ ಹಿಡಿತ ಬಿಡದೆ ನಿಲ್ಲುವ ಅತಿ ಕಡಿಮೆ ನಂಬರ್ ಹುಡುಕಿ, ಅದರ ಮೇಲೆ ಗಾಳಿಗಾಗಿ ಸ್ವಲ್ಪ ಸೇರಿಸಿ. ಕಾಪುವಿನ ಡ್ರೋನ್‌ನಲ್ಲಿ ಟಿಲ್ಟ್‌ನ POWER ಮೊದಲು 180 ಇತ್ತು. ಬ್ಯಾಲೆನ್ಸ್ ಆದ ಮೇಲೆ 120 ಸಾಕಾಯಿತು, ಮೋಟಾರ್ ಮುಟ್ಟಿದರೆ ಉಗುರು ಬೆಚ್ಚಗೆ ಮಾತ್ರ. ಒಂದು ಮಾತು ನೆನಪಿಡಿ: POWER ಏರಿಸುವುದೂ P ಏರಿಸಿದಂತೆಯೇ. ಇದನ್ನು ಬದಲಾಯಿಸಿದರೆ ಮುಂದಿನದ್ದೆಲ್ಲ ಮತ್ತೆ ಮಾಡಬೇಕು.

P ಅಂದರೆ ಕ್ಯಾಮೆರಾ ಅಲುಗಿದಾಗ ಎಷ್ಟು ಜೋರಾಗಿ ವಾಪಸ್ ಎಳೆಯಬೇಕು ಅನ್ನುವುದು. D ಆ ಎಳೆತಕ್ಕೆ ಬ್ರೇಕ್. I ಉಳಿದುಹೋದ ಸಣ್ಣ ವ್ಯತ್ಯಾಸವನ್ನು ನಿಧಾನಕ್ಕೆ ಸರಿಮಾಡುತ್ತದೆ. ಮೂರೂ ಆಕ್ಸಿಸ್‌ಗೆ ಇಲ್ಲಿಂದ ಶುರು ಮಾಡಿ:

```
P = 10   I = 0.01   D = 10
```

ಒಂದು ಸಲಕ್ಕೆ ಒಂದೇ ಆಕ್ಸಿಸ್. Monitoring ಪುಟದಲ್ಲಿ ಆ ಆಕ್ಸಿಸ್‌ನ ಗೈರೋ ಗೆರೆ ತೆರೆದಿಟ್ಟು ಕ್ಯಾಮೆರಾವನ್ನು ಬೆರಳಿನಿಂದ ಸಣ್ಣಗೆ ತಟ್ಟಿ. ಗೆರೆ ಎಷ್ಟು ಸಲ ಮೇಲೆ ಕೆಳಗೆ ಆಡಿ ನಿಂತಿತು ನೋಡಿ. P ಯನ್ನು ಎರಡೆರಡು ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ತಟ್ಟಿದ ಮೇಲೆ ಆಟ ಬೇಗ ನಿಲ್ಲುವುದಿಲ್ಲ. ಆಗ D ಏರಿಸಿ, ಆಟ ಬೇಗ ನಿಲ್ಲಲು ಶುರುವಾಗುತ್ತದೆ. ಮತ್ತೆ P, ಮತ್ತೆ D. ಹೀಗೆ ಹೋಗುತ್ತಾ D ತನ್ನ ಮಿತಿ ಮುಟ್ಟುತ್ತದೆ. ತಟ್ಟದೆಯೇ ಗೆರೆ ಗರಗಸದ ಹಲ್ಲಿನ ಹಾಗೆ ಒರಟಾಗುತ್ತದೆ, ತೋಳಿನ ಮೇಲೆ ಕೈ ಇಟ್ಟರೆ ಗುಂಯ್ ಅನ್ನುವುದು ಗೊತ್ತಾಗುತ್ತದೆ. ಅಲ್ಲಿಂದ ಎರಡನ್ನೂ ಇಳಿಸಿ.

ನಮ್ಮ ಟಿಲ್ಟ್‌ನಲ್ಲಿ P 16 ಆದಾಗ ತೂಗಾಟ ಶುರುವಾಯಿತು. D 16 ಮಾಡಿದಾಗ ನಿಂತಿತು. P 22, D 24 ಆದಾಗ ಗುಂಯ್ ಸದ್ದು ಬಂತು. ಹಿಂದೆ ಬಂದು P 18, D 19ಕ್ಕೆ ನಿಲ್ಲಿಸಿದೆವು. ಆಮೇಲೆ I ಯನ್ನು ಸ್ವಲ್ಪ ಸ್ವಲ್ಪ ಏರಿಸಿದಾಗ 0.12ರಲ್ಲಿ ನಿಧಾನದ ತೂಗು ಕಾಣಿಸಿತು, 0.09ಕ್ಕೆ ಇಳಿಸಿದಾಗ ಹೋಯಿತು. ಈ ನಂಬರ್‌ಗಳನ್ನು ಹಾಗೇ ನಕಲು ಮಾಡಬೇಡಿ. ನಿಮ್ಮ ಮೋಟಾರ್, ಕ್ಯಾಮೆರಾ ತೂಕ, ಬ್ಯಾಟರಿ ಬೇರೆಯಾದರೆ ನಂಬರ್ ಕೂಡ ಬೇರೆಯೇ. ನೋಡಬೇಕಾದದ್ದು ಅವು ಸಿಕ್ಕಿದ ದಾರಿ.

ಪ್ರತಿ ಆಕ್ಸಿಸ್ ಆದ ಮೇಲೆ ಕ್ಯಾಮೆರಾವನ್ನು ಪೂರ್ತಿ ಕೆಳಗೆ, 45 ಡಿಗ್ರಿ, ನೇರ, ಈ ಮೂರು ಕೋನದಲ್ಲೂ ತಟ್ಟಿ ನೋಡಿ. ಟೇಬಲ್ ಮೇಲೆ ಒಂದೇ ಕೋನದಲ್ಲಿ ಟ್ಯೂನ್ ಮಾಡಿದ ಗಿಂಬಲ್ ಇನ್ನೊಂದು ಕೋನದಲ್ಲಿ ಗುಂಯ್ ಅನ್ನುವುದುಂಟು. ಕೆಟ್ಟ ಕೋನಕ್ಕೆ ತಕ್ಕಂತೆ ಇಳಿಸಿ, ಒಳ್ಳೆಯ ಕೋನಕ್ಕೆ ತಕ್ಕಂತೆ ಅಲ್ಲ.

ಈಗ ಹಾರಿಸಿ, ಡ್ಯಾಂಪರ್ ನೋಡಿ

ಪ್ರೊಪೆಲ್ಲರ್ ಹಾಕಿದ ಡ್ರೋನನ್ನು ಕೈಯಲ್ಲಿ ಹಿಡಿದು ಮೋಟಾರ್ ಓಡಿಸಿ ಗಿಂಬಲ್ ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ. 13 ಇಂಚಿನ ಪ್ರೊಪೆಲ್ಲರ್ ಬೆರಳು ಕತ್ತರಿಸುತ್ತದೆ. ಬೇಡವೇ ಬೇಡ. ತೆರೆದ ಗದ್ದೆಯಲ್ಲೋ ಮೈದಾನದಲ್ಲೋ ಹಾರಿಸಿ ನೋಡಿ. ಬಜ್ಪೆ ವಿಮಾನ ನಿಲ್ದಾಣದ ಸುತ್ತಮುತ್ತ ನಿರ್ಬಂಧ ಇದೆ, ಹೊರಡುವ ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ. ಮೊದಲ ಹಾರಾಟ ಗಾಳಿ ಕಡಿಮೆ ಇರುವ ಬೆಳಿಗ್ಗೆ ಮಾಡಿ. ಆಗ ಕಾಣುವ ನಡುಕ ಡ್ರೋನ್‌ನದ್ದೇ. ಮಧ್ಯಾಹ್ನ ಕಡಲ ಗಾಳಿಯಲ್ಲಿ ಇನ್ನೊಮ್ಮೆ ಹಾರಿಸಿ, ಆಗ ಹೊಸದಾಗಿ ಸೇರಿದ್ದು ಗಾಳಿಯದ್ದು. ಎರಡನ್ನೂ ಒಂದೇ ಸಲ ಹುಡುಕಲು ಹೋದರೆ ತಲೆ ಕೆಡುತ್ತದೆ.

ಕಾಪುವಿನ ಡ್ರೋನ್‌ನಲ್ಲಿ ಕೆಳಗೆ ನೋಡುವಾಗಿನ ದೊಡ್ಡ ನಡುಕ ಹೋಗಿತ್ತು. ಆದರೆ ಬೆಳಗಿನ ವಿಡಿಯೋದಲ್ಲಿ ಎಲ್ಲ ಕೋನದಲ್ಲೂ ತೆಳುವಾದ ಅಲೆ ಉಳಿದಿತ್ತು. ಟೇಬಲ್ ಮೇಲೆ ಇಲ್ಲದ್ದು ಹಾರುವಾಗ ಮಾತ್ರ ಬಂದರೆ ಮೂಲ ಪ್ರೊಪೆಲ್ಲರ್ ಕಡೆಯದ್ದು. ಮೋಟಾರ್ ನಿಮಿಷಕ್ಕೆ 4500 ಸುತ್ತು ತಿರುಗಿದರೆ, ಬ್ಯಾಲೆನ್ಸ್ ಇಲ್ಲದ ಪ್ರೊಪೆಲ್ಲರ್ ಸೆಕೆಂಡಿಗೆ 75 ಸಲ ಫ್ರೇಮನ್ನು ಅಲುಗಿಸುತ್ತದೆ. ಇದನ್ನು ತಡೆಯುವುದು ರಬ್ಬರ್ ಡ್ಯಾಂಪರ್ ಚೆಂಡುಗಳ ಕೆಲಸ. ಆ ಚೆಂಡುಗಳ ಮೇಲೆ ತೂಗುವ ಗಿಂಬಲ್ ತನ್ನದೇ ಲಯದಲ್ಲಿ ಸೆಕೆಂಡಿಗೆ 10-15 ಸಲ ತೂಗುವಷ್ಟು ಮೆತ್ತಗೆ ಇದ್ದರೆ 75ರ ನಡುಕದ ಬಹುಪಾಲು ಅಲ್ಲೇ ನಿಲ್ಲುತ್ತದೆ. ಚೆಂಡು ಗಟ್ಟಿಯಾದರೆ ಆ ಲಯ ಏರಿ ಪ್ರೊಪೆಲ್ಲರ್‌ನ ಲಯಕ್ಕೆ ಹತ್ತಿರವಾಗುತ್ತದೆ, ನಡುಕ ಹಾಗೇ ದಾಟುತ್ತದೆ. ತೀರಾ ಮೆತ್ತಗಾದರೆ ಡ್ರೋನ್ ಬ್ರೇಕ್ ಹಾಕಿದಾಗ ಇಡೀ ಗಿಂಬಲ್ ಜೋಲಾಡುತ್ತದೆ.

ಕೈಯಲ್ಲಿ ನೋಡುವ ದಾರಿ ಇದೆ. ಗಿಂಬಲ್ ತೂಗಿದಾಗ ಚೆಂಡುಗಳು ಸ್ವಲ್ಪ ಎಳೆದುಕೊಂಡಿರಬೇಕು, ಆದರೆ ಪೂರ್ತಿ ಹಿಗ್ಗಿರಬಾರದು. ಕೈಯಿಂದ ತಳ್ಳಿದರೆ ಎಲ್ಲ ಕಡೆಗೂ ಸಮವಾಗಿ ಸರಿಯಬೇಕು. ನಮ್ಮ ಬಿಸಿಲಿಗೆ ಚೆಂಡುಗಳು ಗಟ್ಟಿಯಾಗುತ್ತವೆ, ಬಿರುಕು ಬಿಡುತ್ತವೆ. ಈ ಡ್ರೋನ್‌ನಲ್ಲೂ ಒತ್ತಿದರೆ ಹಳೆ ಚೆಂಡುಗಳು ಕಲ್ಲಿನಂತಿದ್ದವು. ಹೊಸ ಮೆತ್ತನೆಯ ಚೆಂಡುಗಳನ್ನು ಹಾಕಿ, ಪ್ರೊಪೆಲ್ಲರ್‌ಗಳನ್ನು ಬ್ಯಾಲೆನ್ಸರ್ ಮೇಲೆ ಇಟ್ಟು, ಭಾರದ ರೆಕ್ಕೆಯ ಎದುರಿನ ರೆಕ್ಕೆಗೆ ಟೇಪ್ ತುಂಡು ಅಂಟಿಸಿ ಸರಿಮಾಡಿದ ಮೇಲೆ ಅಲೆ ಹೋಯಿತು. ಮೇಲಿನ ಮತ್ತು ಕೆಳಗಿನ ಪ್ಲೇಟ್ ನಡುವೆ ಸಡಿಲವಾಗಿ ಒಂದು ನೈಲಾನ್ ದಾರ ಕಟ್ಟಲು ಮರೆಯಬೇಡಿ, ಚೆಂಡು ಕಳಚಿದರೂ ಕ್ಯಾಮೆರಾ ಬೀಳುವುದಿಲ್ಲ. ದಾರ ಬಿಗಿಯಾಗಿದ್ದರೆ ನಡುಕ ಅದರ ಮೂಲಕವೇ ದಾಟುತ್ತದೆ.

ಫ್ರೇಮ್‌ನಿಂದ ಗಿಂಬಲ್‌ಗೆ ಬರುವ ವೈರ್‌ಗಳೂ ಹಾಗೆಯೇ. ಬಿಗಿಯಾಗಿ ಜಿಪ್ ಟೈ ಹಾಕಿ ಎಳೆದು ಕಟ್ಟಿದರೆ ಎಷ್ಟು ಒಳ್ಳೆಯ ಡ್ಯಾಂಪರ್ ಇದ್ದರೂ ವ್ಯರ್ಥ.

ಇಷ್ಟೆಲ್ಲ ಆದ ಮೇಲೂ ಹಾರುವಾಗ ಗಿಂಬಲ್ ಗುಂಯ್ ಅಂದರೆ D ಯನ್ನು ಇನ್ನೂ ಒಂದೆರಡು ಇಳಿಸಿ. ಹಾರುವಾಗಿನ ನಡುಕ ಸೆನ್ಸರ್‌ಗೆ ತಲುಪಿ D ಅದನ್ನೇ ಹಿಗ್ಗಿಸುತ್ತದೆ, ಹಾಗಾಗಿ ಟೇಬಲ್‌ನ ಮಿತಿಗಿಂತ ಹಾರಾಟದ ಮಿತಿ ಯಾವಾಗಲೂ ಸ್ವಲ್ಪ ಕೆಳಗೆ. ನಾವು ಟಿಲ್ಟ್‌ನ D ಯನ್ನು 17ಕ್ಕೆ ತಂದೆವು. ನಾಚ್ ಫಿಲ್ಟರ್ ಅಂತ ಒಂದು ಸೌಲಭ್ಯ ಇದೆ, ಒಂದೇ ಲಯದಲ್ಲಿ ಹಾಡುವ ತೋಳನ್ನು ಅದು ಸುಮ್ಮನಾಗಿಸುತ್ತದೆ. ಆದರೆ ಅದಕ್ಕೆ ಮೊದಲು ಆ ತೋಳಿನ ಸ್ಕ್ರೂಗಳು ಬಿಗಿಯಾಗಿವೆಯೇ ನೋಡಿ. ನನ್ನ ಪ್ರಕಾರ ಫಿಲ್ಟರ್ ಕೊನೆಯ ಉಪಾಯ.

ಹದಿನೈದು ನಿಮಿಷ ಹಾರಿಸಿ ಇಳಿಸಿದ ಕೂಡಲೇ ಮೂರೂ ಮೋಟಾರ್ ಮುಟ್ಟಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಆ ಆಕ್ಸಿಸ್‌ನ ಬ್ಯಾಲೆನ್ಸ್ ಅಥವಾ ಬೇರಿಂಗ್ ಇನ್ನೂ ಪೂರ್ತಿ ಸರಿಯಾಗಿಲ್ಲ, ಕರೆಂಟ್ ಆಫ್ ಮಾಡಿ ಅದೊಂದನ್ನೇ ಮತ್ತೆ ನೋಡಿ. ಎಲ್ಲ ಸರಿ ಇದ್ದರೆ ನಂಬರ್‌ಗಳನ್ನು ಬರೆದಿಡಿ, ಬೋರ್ಡ್‌ನಲ್ಲೂ ಒಂದು ಪ್ರೊಫೈಲ್ ಆಗಿ ಉಳಿಸಿ. ಲೆನ್ಸ್ ಬದಲಾಯಿಸಿದರೆ ಬ್ಯಾಲೆನ್ಸ್‌ನಿಂದಲೇ ಮತ್ತೆ ಶುರು ಮಾಡಿ, ಆ ಲೆನ್ಸ್‌ನ ನಂಬರ್‌ಗಳನ್ನು ಎರಡನೇ ಪ್ರೊಫೈಲ್‌ನಲ್ಲಿ ಇಡಿ. ಕ್ಯಾಮೆರಾ ಪ್ಲೇಟ್ ಎಲ್ಲಿ ನಿಂತಿತ್ತು ಅನ್ನುವುದಕ್ಕೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಟ್ಟರೆ ಮುಂದಿನ ಸಲ ಲೆನ್ಸ್ ಬದಲಾಯಿಸುವ ಕೆಲಸ ಅರ್ಧ ಕಡಿಮೆಯಾಗುತ್ತದೆ.